ರಾತ್ರಿ ಹನ್ನೊಂದಕ್ಕೆ ಮೈಯಲ್ಲಿ ಎಷ್ಟು ಕಾಫಿ ಉಳಿದಿತ್ತು?

ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಒಂದು ವಸ್ತು ಅರ್ಧಕ್ಕೆ ಇಳಿಯೋಕೆ ಎಷ್ಟು ಹೊತ್ತು ಬೇಕು ಅನ್ನೋ ಹಾಫ್ ಲೈಫ್ ಲೆಕ್ಕವನ್ನು ಬೋರ್ಡಿನ ಮೇಲೆ ಎಷ್ಟು ಸಲ ಮಾಡಿಸಿದ್ದೇನೋ ಗೊತ್ತಿಲ್ಲ. ಅದನ್ನೇ ನನ್ನ ಕಾಫಿ ಲೋಟಕ್ಕೆ ಹಾಕಿ ನೋಡಬೇಕು ಅಂತ ಹೊಳೆದಿದ್ದು ಮಾತ್ರ ಹೋದ ವರ್ಷ, ಒಂದು ರಾತ್ರಿ ಒಂದೂವರೆ ಗಂಟೆಗೆ, ಕಣ್ಣು ಬಿಟ್ಟುಕೊಂಡು ಫ್ಯಾನ್ ನೋಡುತ್ತಾ ಮಲಗಿದ್ದಾಗ.

ಆಗ ಎರಡು ತಿಂಗಳಿಂದ ಇದೇ ಪಾಡಾಗಿತ್ತು. ಹನ್ನೊಂದಕ್ಕೆ ಮಲಗಿದರೆ ಹನ್ನೆರಡೂವರೆವರೆಗೆ ಹೊರಳಾಟ. ನಿದ್ದೆ ಬಂದರೂ ಮೂರು ಗಂಟೆಗೆ ಎಚ್ಚರ. ಕಾಫಿ ಕಾರಣ ಇರಬಹುದು ಅಂದರೆ ಮನೆಯಲ್ಲಿ ಯಾರೂ ಒಪ್ಪಲಿಲ್ಲ. "ಸಂಜೆ ನಾವು ಕುಡಿಯೋದು ಎರಡನೇ ಡಿಕಾಕ್ಷನ್ ಕಣೇ, ಅದರಲ್ಲಿ ಏನಿರತ್ತೆ, ಬರೀ ಬಣ್ಣ" ಅಂದರು ಅತ್ತೆ. ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನ ಕುಡಿಯೋದು ಟೀ. ಟೀ ಲೈಟು, ಅದು ಲೆಕ್ಕಕ್ಕೇ ಇಲ್ಲ ಅಂತ ನಾನೂ ಅಂದುಕೊಂಡಿದ್ದೆ.

ಸರಿ, ಅಳೆದೇ ಬಿಡೋಣ ಅಂತ ಅಡುಗೆಮನೆಯ ಸಣ್ಣ ತಕ್ಕಡಿ ಇಟ್ಟುಕೊಂಡೆ. ಲ್ಯಾಬಿಗೆ ಕಳಿಸಿ ಟೆಸ್ಟ್ ಮಾಡಿಸಿದ್ದಲ್ಲ, ಇದೆಲ್ಲ ಪುಡಿಯ ತೂಕದ ಮೇಲೆ ಹಾಕಿದ ಅಂದಾಜು. ಆದರೂ ಸುಮ್ನೆ ಊಹೆ ಮಾಡೋದಕ್ಕಿಂತ ಎಷ್ಟೋ ವಾಸಿ.

ನಮ್ಮ ಮನೆಯ ಹಿತ್ತಾಳೆ ಫಿಲ್ಟರಿಗೆ ಬೆಳಿಗ್ಗೆ ನಾಲ್ಕು ಲೋಟಕ್ಕೆ ಅಂತ ಹಾಕೋದು ಚಮಚದ ಲೆಕ್ಕದಲ್ಲಿ. ತೂಕ ಹಾಕಿದರೆ 30 ಗ್ರಾಂ ಬಂತು. ನಾವು ತರೋದು 80:20, ಅಂದರೆ ಅದರಲ್ಲಿ 6 ಗ್ರಾಂ ಚಿಕೋರಿ. ಚಿಕೋರಿ ಅನ್ನೋದು ಒಂದು ಗಿಡದ ಬೇರು, ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ. ಬಣ್ಣ, ಕಹಿ, ಮಂದ ಮಾತ್ರ ಅದರದ್ದು. ಉಳಿದ 24 ಗ್ರಾಂ ಕಾಫಿ. ಅದರಲ್ಲಿ ಅರ್ಧ ಅರೇಬಿಕಾ, ಅರ್ಧ ರೋಬಸ್ಟಾ. ಅರೇಬಿಕಾದಲ್ಲಿ ನೂರಕ್ಕೆ ಸುಮಾರು 1.2 ಪಾಲು ಕೆಫೀನ್. ರೋಬಸ್ಟಾದಲ್ಲಿ ಹೆಚ್ಚುಕಡಿಮೆ ಎರಡರಷ್ಟು, 2.2ರ ಹತ್ತಿರ. ಸರಾಸರಿ 1.7 ಅಂತ ಹಿಡಿದರೆ ಫಿಲ್ಟರಿನೊಳಗೆ 400 ಮಿಲಿಗ್ರಾಂ ಕೂತಿರುತ್ತೆ.

ಅಷ್ಟೂ ಕೆಳಗೆ ಇಳಿಯಲ್ಲ. ಕೆಫೀನ್ ಬಿಸಿನೀರಿನಲ್ಲಿ ಸಲೀಸಾಗಿ ಕರಗುತ್ತೆ, ಆದರೆ ಒದ್ದೆ ಪುಡಿ ಒಂದಷ್ಟು ನೀರನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತೆ. ಮೊದಲ ಡಿಕಾಕ್ಷನ್‌ಗೆ ಮುಕ್ಕಾಲು ಪಾಲು ಬಂತು ಅಂದರೆ 300 ಮಿಲಿಗ್ರಾಂ. ನಾಲ್ಕು ಲೋಟಕ್ಕೆ ಹಂಚಿದರೆ ಲೋಟಕ್ಕೆ 75. ಹಾಲು ಎಷ್ಟೇ ಹಾಕಿ, ಈ 75 ಹಾಗೇ ಇರುತ್ತೆ.

ಇನ್ನು ಅತ್ತೆಯ ಎರಡನೇ ಡಿಕಾಕ್ಷನ್. ಚರಟದಲ್ಲಿ ಉಳಿದಿದ್ದು 100 ಮಿಲಿಗ್ರಾಂ. ಮತ್ತೆ ನೀರು ಹಾಕಿದಾಗ ಅದರಲ್ಲಿ 60 ಇಳಿದರೆ ಇಬ್ಬರಿಗೆ ತಲಾ 30. ಅಲ್ಲಿಗೆ ಅತ್ತೆ ಹೇಳಿದ್ದು ಮುಕ್ಕಾಲು ನಿಜ ಅಂತ ಒಪ್ಪಿಕೊಳ್ಳೋಕೆ ಹೊರಟಿದ್ದೆ. ಆಗ ಅವರು ಫಿಲ್ಟರಿಗೆ ನೀರು ಹಾಕೋದನ್ನ ಪಕ್ಕದಲ್ಲಿ ನಿಂತು ನೋಡಿದೆ. ಹಳೇ ಚರಟವನ್ನು ಚಮಚದಲ್ಲಿ ಕೆದಕಿ, "ತೀರಾ ನೀರಾಗತ್ತೆ" ಅಂತ ಗೊಣಗಿಕೊಂಡು, ಡಬ್ಬಿಯಿಂದ ಒಂದು ಚಮಚ ಹೊಸ ಪುಡಿ ಮೇಲೆ ಉದುರಿಸಿದರು. ಇಷ್ಟು ವರ್ಷ ಅದೇ ಮನೆಯಲ್ಲಿದ್ದರೂ ನಾನು ಅದನ್ನ ಗಮನಿಸಿರಲಿಲ್ಲ! ಆ ಚಮಚ ತೂಗಿದರೆ 5 ಗ್ರಾಂ. ಚಿಕೋರಿ ಕಳೆದು ಲೆಕ್ಕ ಹಾಕಿದರೆ ಅದರಲ್ಲಿ 68 ಮಿಲಿಗ್ರಾಂ. ಹೆಚ್ಚಿನ ಪಾಲು ಇಳಿದೇ ಇಳಿಯುತ್ತೆ. ಅಲ್ಲಿಗೆ "ಬರೀ ಬಣ್ಣ" ಅನ್ನಿಸಿಕೊಂಡ ಸಂಜೆ ಕಾಫಿ ಲೋಟಕ್ಕೆ 60ಕ್ಕೆ ಬಂದು ನಿಂತಿತು.

ಟೀ ಕೂಡ ಮೋಸ ಮಾಡಿತು. ಗ್ರಾಂ ಲೆಕ್ಕಕ್ಕೆ ನೋಡಿದರೆ ಒಣ ಟೀ ಸೊಪ್ಪಿನಲ್ಲಿ ಅರೇಬಿಕಾ ಕಾಫಿಗಿಂತ ಜಾಸ್ತಿ ಕೆಫೀನ್ ಇದೆ, ನೂರಕ್ಕೆ 2ರಿಂದ 4. ಟೀ ಲೈಟು ಅನ್ನೋದು ಲೋಟಕ್ಕೆ ನಾವು ಹಾಕೋ ಪುಡಿ ಕಡಿಮೆ ಅನ್ನೋ ಕಾರಣಕ್ಕೆ ಮಾತ್ರ. ಸ್ಟಾಫ್ ರೂಮಿನ ಟೀ ಡಸ್ಟ್ ಹಾಕಿ ಹಾಲಿನ ಜೊತೆ ಕುದಿಸಿದ್ದು. ಲೋಟಕ್ಕೆ 2 ಗ್ರಾಂ ಪುಡಿ ಅಂದರೂ 50 ಮಿಲಿಗ್ರಾಂ ಸಿಗುತ್ತೆ. ಪುಡಿ ಸಣ್ಣದಿದ್ದಷ್ಟೂ ಬೇಗ ಬಿಡುತ್ತೆ. ಮೊದಲ ನಾಲ್ಕೈದು ನಿಮಿಷದ ಕುದಿತದಲ್ಲೇ ಬಹುಪಾಲು ಬಂದಾಗಿರುತ್ತೆ, ಆಮೇಲೆ ಕುದಿಸಿದಷ್ಟೂ ಬರೋದು ಒಗರು.

ಈಗ ನಿಜವಾದ ಲೆಕ್ಕ. ಕುಡಿದ ಕೆಫೀನ್ ಮುಕ್ಕಾಲು ಗಂಟೆಯೊಳಗೆ ಬಹುತೇಕ ಎಲ್ಲಾ ರಕ್ತಕ್ಕೆ ಸೇರಿಬಿಡುತ್ತೆ. ಆಮೇಲೆ ಲಿವರ್ ಅದನ್ನ ಒಡೆಯೋಕೆ ಶುರು ಮಾಡುತ್ತೆ. ದೊಡ್ಡವರಲ್ಲಿ ಅರ್ಧ ಖಾಲಿಯಾಗೋಕೆ ಸರಾಸರಿ 5 ಗಂಟೆ ಬೇಕು. ಅಂದರೆ 10 ಗಂಟೆಯಾದ ಮೇಲೂ ಕಾಲು ಭಾಗ ಒಳಗೇ ಇರುತ್ತೆ. ನಮ್ಮ ತರಗತಿಯ ಹುಡುಗರು ಪ್ರತಿ ವರ್ಷ ಮಾಡೋ ತಪ್ಪೇ ಇದು. 5 ಗಂಟೆಗೆ ಅರ್ಧ, 10 ಗಂಟೆಗೆ ಸೊನ್ನೆ ಅಂತ ಬರೆಯುತ್ತಾರೆ.

ನನ್ನ ದಿನ ಹೀಗಿತ್ತು. ಬೆಳಿಗ್ಗೆ ಆರೂವರೆಗೆ ಮನೆಯ ಕಾಫಿ, 75. ಹತ್ತೂವರೆಗೆ ಕಾಲೇಜಿನ ಎದುರಿನ ದರ್ಶಿನಿಯಲ್ಲಿ ಇನ್ನೊಂದು, ಅದಕ್ಕೂ 75 ಅಂತಲೇ ಹಿಡಿದೆ. ಮೂರೂವರೆಗೆ ಟೀ, 50. ಆರಕ್ಕೆ ಎರಡನೇ ಡಿಕಾಕ್ಷನ್, 60. ರಾತ್ರಿ ಹನ್ನೊಂದಕ್ಕೆ ಬೆಳಗಿನದ್ದು 8 ಮಿಲಿಗ್ರಾಂ ಉಳಿದಿರುತ್ತೆ, ದರ್ಶಿನಿಯದ್ದು 13, ಟೀಯದ್ದು 18, ಸಂಜೆ ಕಾಫಿಯದ್ದು 30. ಕೂಡಿದರೆ 69. ಬೆಳಿಗ್ಗೆ ಎದ್ದು ಕಣ್ಣು ಬಿಡಿಸಿಕೊಳ್ಳೋಕೆ ಕುಡಿಯೋ ಲೋಟದಲ್ಲಿ 75 ಇದೆ. ನಾನು ಹೆಚ್ಚುಕಡಿಮೆ ಒಂದು ಲೋಟ ಫಿಲ್ಟರ್ ಕಾಫಿ ಮೈಯಲ್ಲಿಟ್ಟುಕೊಂಡು ದಿಂಬಿಗೆ ತಲೆ ಕೊಡುತ್ತಿದ್ದೆ.

ಆ ಸಂಖ್ಯೆಯನ್ನ ಕ್ಯಾಲೆಂಡರ್ ಹಿಂದೆ ಬರೆದು ಅತ್ತೆಗೆ ತೋರಿಸಿದೆ. "ನನಗೆ ಕುಡಿದ ತಕ್ಷಣ ಮಲಗಿದ್ರೂ ನಿದ್ದೆ ಬರತ್ತಲ್ಲ?" ಅಂದರು. ಬರುತ್ತೆ, ನಿಜ. ದಿನವೆಲ್ಲ ಎಚ್ಚರ ಇದ್ದಷ್ಟೂ ಮಿದುಳಿನಲ್ಲಿ ಅಡಿನೋಸಿನ್ ಅನ್ನೋ ವಸ್ತು ಸೇರುತ್ತಾ ಹೋಗುತ್ತೆ, ಅದೇ ನಿದ್ದೆ ಎಳೆಯೋದು. ಕೆಫೀನ್ ಅದರ ಜಾಗದಲ್ಲಿ ಕೂತು ಅಡ್ಡ ಹಾಕುತ್ತೆ. ಕುಡಿದು ಅಭ್ಯಾಸ ಇದ್ದವರಿಗೆ ಕಣ್ಣೇನೋ ಮುಚ್ಚುತ್ತೆ, ಆದರೆ ಗಾಢ ನಿದ್ದೆ ಕಡಿಮೆಯಾಗುತ್ತೆ. ಮೂರು ಗಂಟೆಗೆ ಎದ್ದು ಕೂತು ವಯಸ್ಸಾಯ್ತು ಅಂತ ಅವರು ಹೇಳೋದರಲ್ಲಿ ಕಾಫಿಯ ಪಾಲೆಷ್ಟು, ವಯಸ್ಸಿನ ಪಾಲೆಷ್ಟು ಅಂತ ಬಿಡಿಸೋದು ಕಷ್ಟ. ನಾನು ವಾದ ಮಾಡಲಿಲ್ಲ.

ನನ್ನ ಮೊದಲ ಪ್ರಯತ್ನ ದಡ್ಡತನದ್ದು. ಒಂದು ಸೋಮವಾರ ಬೆಳಗಿನ ಒಂದು ಲೋಟ ಬಿಟ್ಟು ಮಿಕ್ಕಿದ್ದೆಲ್ಲ ಒಂದೇ ಸಲ ನಿಲ್ಲಿಸಿದೆ. ಮಂಗಳವಾರ ಮಧ್ಯಾಹ್ನ ಹಣೆಯ ಸುತ್ತ ಬಿಗಿದು ಕಟ್ಟಿದ ಹಾಗೆ ತಲೆನೋವು. ಬುಧವಾರ ಇನ್ನೂ ಜಾಸ್ತಿ. ತಲೆನೋವಿಗೆ ಮಾತ್ರೆ ನುಂಗೋ ಮೊದಲು ಪಟ್ಟಿಯ ಹಿಂದೆ ಓದಿದರೆ, ಅದರಲ್ಲೂ ಕೆಫೀನ್! ಕೆಲವು ತಲೆನೋವಿನ ಮಾತ್ರೆಗಳಲ್ಲಿ ಅದು ಸೇರಿರುತ್ತೆ ಅಂತ ಗೊತ್ತಿದ್ದೂ ಮರೆತಿದ್ದೆ. ಮತ್ತೆ ಶುರು ಮಾಡಿ, ಈ ಸಲ ವಾರಕ್ಕೊಂದು ಲೋಟದಂತೆ ಇಳಿಸಿದೆ. ತಲೆನೋವು ಬರಲಿಲ್ಲ.

ಮೊದಲು ಹೋಗಿದ್ದು ಆರು ಗಂಟೆಯದ್ದು. ಆದರೆ ಸಂಜೆ ಕೈಯಲ್ಲಿ ಬಿಸಿ ಲೋಟ ಇಲ್ಲದೆ ನನಗೆ ಆಗಲ್ಲ. ಅಲ್ಲಿಗೆ ಕೋಕೋ ಬಂತು. ಸಕ್ಕರೆ ಬೆರೆಸದ ಕೋಕೋ ಪುಡಿ ಒಂದು ದೊಡ್ಡ ಚಮಚ, ಅಂದರೆ 5 ಗ್ರಾಂ, ಬಿಸಿ ಹಾಲಿಗೆ. ಅದರಲ್ಲಿ ಕೆಫೀನ್ 12 ಮಿಲಿಗ್ರಾಂ ಆಸುಪಾಸು, ಹನ್ನೊಂದಕ್ಕೆ ಉಳಿಯೋದು 6. ಕೋಕೋದಲ್ಲಿ ಕೆಫೀನಿನ ಅಣ್ಣ ತಮ್ಮನಂಥ ಇನ್ನೊಂದಿದೆ, ಥಿಯೋಬ್ರೊಮಿನ್. ಇದೇ ಚಮಚದಲ್ಲಿ ಅದು 100 ಮಿಲಿಗ್ರಾಂ ಹತ್ತಿರ ಇರುತ್ತೆ, ಮೈಯಿಂದ ಹೋಗೋಕೆ ಕೆಫೀನ್‌ಗಿಂತ ಜಾಸ್ತಿ ಹೊತ್ತು ತಗೊಳ್ಳುತ್ತೆ. ಆದರೆ ಮಿದುಳಿನ ಮೇಲೆ ಅದರ ಪ್ರಭಾವ ತೀರಾ ಸಪ್ಪೆ. ನನ್ನ ನಿದ್ದೆಗೆ ಅದೇನೂ ಮಾಡಲಿಲ್ಲ. ಹಾಗಂತ ನಾಯಿಗೆ ಮಾತ್ರ ಕೋಕೋ, ಚಾಕೊಲೇಟ್ ಕೊಡಬೇಡಿ, ಅದರ ಮೈ ಥಿಯೋಬ್ರೊಮಿನ್ ಅನ್ನು ಬಹಳ ನಿಧಾನಕ್ಕೆ ಕಳೆಯುತ್ತೆ, ವಿಷವಾಗುತ್ತೆ.

ಆಮೇಲೆ ಮೂರೂವರೆಯ ಟೀಯನ್ನ ಊಟವಾದ ತಕ್ಷಣ ಒಂದು ಗಂಟೆಗೆ ತಂದೆ. ಎರಡೂವರೆ ಗಂಟೆ ಹಿಂದಕ್ಕೆ ಹೋಗಿದ್ದಕ್ಕೆ 18 ಇದ್ದದ್ದು 13 ಆಯಿತು. ಒಟ್ಟು 69 ಇದ್ದದ್ದು 40ಕ್ಕೆ ಇಳಿಯಿತು. ಎರಡನೇ ವಾರದಲ್ಲಿ ಹನ್ನೊಂದೂಕಾಲಿಗೆ ನಿದ್ದೆ ಹತ್ತೋಕೆ ಶುರುವಾಯಿತು.

ಅಷ್ಟರಲ್ಲಿ ಮತ್ತೆ ಕೆಟ್ಟಿತು. ಊಟ, ಮಲಗೋ ಹೊತ್ತು ಎಲ್ಲಾ ಅದೇ, ಆದರೆ ಎದೆ ಸ್ವಲ್ಪ ಡವಡವ, ಮತ್ತೆ ಹೊರಳಾಟ. ನಾಲ್ಕು ದಿನ ತಲೆ ಕೆಡಿಸಿಕೊಂಡ ಮೇಲೆ ಪುಡಿ ಡಬ್ಬಿ ನೆನಪಾಯಿತು. ಹಿಂದಿನ ವಾರ ಯಜಮಾನರು ಬೇರೆ ಅಂಗಡಿಯಿಂದ ತಂದಿದ್ದರು. "ಸ್ಟ್ರಾಂಗ್ ಇರಲಿ ಅಂದೆ, ಅವನೇ ಬೆರೆಸಿ ಕೊಟ್ಟ" ಅಂದರು. ಚೀಟಿಯ ಮೇಲೆ 80:20 ಅಂತಲೇ ಇತ್ತು. ಬೀಜ ಯಾವುದು ಅಂತ ಕೇಳಿಸಿದರೆ ಪೂರ್ತಿ ರೋಬಸ್ಟಾ. ಅಷ್ಟೇ ಚಮಚಕ್ಕೆ ಲೋಟದ ಕೆಫೀನ್ 75ರಿಂದ 100ರ ಹತ್ತಿರ ಹೋಗಿತ್ತು. ನಾಲಿಗೆ ಮೊದಲೇ ಹೇಳಿತ್ತು, ನಾನು ಕೇಳಿಸಿಕೊಳ್ಳಲಿಲ್ಲ. ಡಿಕಾಕ್ಷನ್ ದಪ್ಪ, ಹುಳಿ ಸ್ವಲ್ಪವೂ ಇಲ್ಲ, ಕುಡಿದ ಮೇಲೆ ಸುಟ್ಟ ರಬ್ಬರಿನಂಥ ಒಂದು ಕಹಿ ಗಂಟಲಲ್ಲಿ ಉಳಿಯುತ್ತಿತ್ತು. 60:40 ಪುಡಿಯೂ ಕಪ್ಪಗೆ, ಕಹಿಯಾಗಿ ಇರುತ್ತೆ, ಆದರೆ ಅದರಲ್ಲಿ ಕೆಫೀನ್ ಕಡಿಮೆ. "ಸ್ಟ್ರಾಂಗ್" ಅಂದರೆ ಅಂಗಡಿಯವರು ಇವೆರಡರಲ್ಲಿ ಯಾವುದನ್ನ ಬೇಕಾದರೂ ಕೊಡಬಹುದು. ಈಗ ನಾನೇ ಹೋಗಿ ಬೀಜದ ಪಾಲು ಹೇಳಿ ಪುಡಿ ಮಾಡಿಸುತ್ತೇನೆ.

5 ಗಂಟೆ ಅನ್ನೋದು ಎಲ್ಲರಿಗೂ ಹೊಂದೋ ಸಂಖ್ಯೆ ಅಲ್ಲ. ಕೆಲವರಿಗೆ ಎರಡು ಗಂಟೆ, ಕೆಲವರಿಗೆ ಒಂಬತ್ತು. ತಂಗಿ ಬಸುರಿಯಾಗಿದ್ದಾಗ ಕೊನೆಯ ತಿಂಗಳುಗಳಲ್ಲಿ ಬೆಳಗಿನ ಕಾಫಿಯೇ ರಾತ್ರಿವರೆಗೆ ಕಾಡುತ್ತೆ ಅನ್ನುತ್ತಿದ್ದಳು. ಆ ಹೊತ್ತಿಗೆ ಹಾಫ್ ಲೈಫ್ 15 ಗಂಟೆವರೆಗೂ ಹೋಗುತ್ತೆ. ಬಸುರಿಯರು ದಿನಕ್ಕೆ 200 ಮಿಲಿಗ್ರಾಂ ದಾಟಬಾರದು ಅನ್ನೋದು ಸಾಮಾನ್ಯ ಸಲಹೆ. ತಮ್ಮನದ್ದು ಉಲ್ಟಾ ಕಥೆ. ಅವನು ಸಿಗರೇಟು ಸೇದುವಾಗ ರಾತ್ರಿ ಒಂಬತ್ತಕ್ಕೂ ಬೈ ಟು ಕುಡಿದು ಗೊರಕೆ ಹೊಡೆಯುತ್ತಿದ್ದ. ಸಿಗರೇಟಿನ ಹೊಗೆ ಕೆಫೀನನ್ನು ಒಡೆಯೋ ಲಿವರಿನ ಎನ್‌ಜೈಮನ್ನ ಚುರುಕು ಮಾಡುತ್ತೆ, ಕೆಫೀನ್ ಬೇಗ ಹೋಗುತ್ತೆ. ಜನವರಿಯಲ್ಲಿ ಸೇದೋದು ಬಿಟ್ಟ. ವಾರದೊಳಗೆ ನಿದ್ದೆ ಇಲ್ಲ, ಕೈ ನಡುಕ, ಸಿಡಿಮಿಡಿ. "ಅಕ್ಕಾ, ಇದಕ್ಕಿಂತ ಸೇದೋದೇ ವಾಸಿ" ಅಂತ ಫೋನ್ ಮಾಡಿದ. ಸಿಗರೇಟು ಬಿಟ್ಟ ಕಷ್ಟವೂ ಅದರಲ್ಲಿ ಇತ್ತು, ಇಲ್ಲ ಅನ್ನಲ್ಲ. ಆದರೆ ದಿನಕ್ಕೆ ಐದು ಕಾಫಿ ಮಾತ್ರ ಹಾಗೇ ನಡೆದಿತ್ತು. ಅದನ್ನ ಎರಡೂವರೆ ಲೋಟಕ್ಕೆ ಇಳಿಸು, ಮಧ್ಯಾಹ್ನದ ಮೇಲೆ ಬೇಡ ಅಂದೆ. ಹತ್ತು ದಿನ ಬಿಟ್ಟು ಮತ್ತೆ ಫೋನ್ ಮಾಡಿದ. ಕೈ ನಡುಕ ನಿಂತಿದೆಯಂತೆ, ಸಿಗರೇಟಿಗೂ ಮರಳಿಲ್ಲ. ಅರ್ಧ ಕಾಫಿ ಕೇಳಿದರೆ ದರ್ಶಿನಿಯ ಹುಡುಗ ಹೇಗೆ ನೋಡುತ್ತಾನೆ ಅಂತ ಹತ್ತು ನಿಮಿಷ ದೂರಿದ.