ಲಟ್ಟಣಿಗೆಯ ಮೇಲೊಂದು ಪ್ರೋಟೀನ್

ಬೇಕಾಗುವ ಸಾಮಾನು: ಎ4 ಅಳತೆಯ ಎರಡು ಹಾಳೆ, ಸ್ಕೇಲು, ಪೆನ್ಸಿಲ್, ರಬ್ಬರ್, ಕತ್ತರಿ, ಸ್ವಲ್ಪ ಗೋಂದು, ಅಡುಗೆಮನೆಯ ಲಟ್ಟಣಿಗೆ. ಒಂದು ಗಂಟೆ ಬಿಡುವಿದ್ದರೆ ಸಾಕು.

ಕಾಗದದಲ್ಲಿ ಪ್ರೋಟೀನ್ ಮಾಡುವ ಉಪಾಯ ನನ್ನದಲ್ಲ. 1948ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ನೆಗಡಿ ಹಿಡಿದು ಮಲಗಿದ್ದರು. ಪತ್ತೇದಾರಿ ಕಾದಂಬರಿ ಓದಿ ಬೇಸರ ಬಂದಾಗ ಒಂದು ಕಾಗದದ ಮೇಲೆ ಅಮೈನೋ ಆಮ್ಲಗಳ ಸರಪಳಿಯನ್ನು ಬರೆದು, ಮಡಚಿ, ಸುತ್ತಿ ನೋಡಿದರು. ಆ ಸುತ್ತಿನಲ್ಲಿ ಪ್ರೋಟೀನಿನ ಸರಪಳಿ ಸುತ್ತಿಕೊಳ್ಳುವ ಒಂದು ಬಗೆ, ಆಲ್ಫಾ ಸುರುಳಿ, ಸಿಕ್ಕಿತು. ರಾಬರ್ಟ್ ಕೋರಿ ಮತ್ತು ಹರ್ಮನ್ ಬ್ರ್ಯಾನ್ಸನ್ ಜೊತೆಗೂಡಿ ಅದನ್ನು ಅವರು ಪ್ರಕಟಿಸಿದ್ದು 1951ರಲ್ಲಿ. ನಾವು ಅದೇ ಕೆಲಸವನ್ನು ಇನ್ನೂ ಸುಲಭವಾಗಿ ಮಾಡೋಣ. ಸುರುಳಿ ನಿಂತಮೇಲೆ ಜೇನುಹುಳದ ವಿಷದಲ್ಲಿರುವ ಒಂದು ಪ್ರೋಟೀನನ್ನು ಅದರ ಮೇಲೆ ಬರೆದು, ಎಲ್ಲಿ ಮುರಿಯುತ್ತದೆ ಎಂದು ನೋಡೋಣ.

ಮೊದಲು ಕೈಗಳ ಲೆಕ್ಕ

ಪ್ರೋಟೀನ್ ಒಂದು ಉದ್ದನೆಯ ಸರಪಳಿ. ಅದರ ಒಂದೊಂದು ಕೊಂಡಿಯೂ ಒಂದೊಂದು ಅಮೈನೋ ಆಮ್ಲ. ಪ್ರತಿ ಕೊಂಡಿಗೂ ಎರಡು ಕೈಗಳಿವೆ ಎಂದುಕೊಳ್ಳಿ. N-H ಗುಂಪು ಹೈಡ್ರೋಜನ್ನನ್ನು ಮುಂದೆ ಚಾಚುವ ಕೈ; C=O ಗುಂಪು ಅದನ್ನು ಹಿಡಿಯುವ ಕೈ. ಒಂದರ ಕೈಯನ್ನು ಇನ್ನೊಂದು ಹಿಡಿದರೆ ಅದೇ ಹೈಡ್ರೋಜನ್ ಬಂಧ. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳಲ್ಲಿ ಹತ್ತೊಂಬತ್ತಕ್ಕೆ ಈ ಎರಡೂ ಕೈಗಳಿವೆ. ಪ್ರೋಲೀನ್ ಒಂದಕ್ಕೆ ಮಾತ್ರ ಸರಪಳಿಯೊಳಗೆ ಕೂತಾಗ ಚಾಚುವ ಕೈ ಇಲ್ಲ: ಕೊಂಡಿಯಿಂದ ಪಕ್ಕಕ್ಕೆ ಚಾಚಿರುವ ಅದರ ಬಾಲವೇ ಹಿಂದಕ್ಕೆ ಬಾಗಿ ಸಾರಜನಕಕ್ಕೆ ಅಂಟಿಕೊಂಡು ಉಂಗುರವಾಗಿದೆ. ಹೈಡ್ರೋಜನ್ನಿಗೆ ಅಲ್ಲಿ ಜಾಗವಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಚುಕ್ಕೆ ಇಡುವುದು

ಹಾಳೆಯ ಮೇಲೆ 14.4 ಸೆಂ.ಮೀ. ಅಗಲ, 27 ಸೆಂ.ಮೀ. ಎತ್ತರದ ಆಯತ ಎಳೆಯಿರಿ. ಬಲಗಡೆ ಗೋಂದಿಗಾಗಿ ಒಂದು ಸೆಂ.ಮೀ. ಹೆಚ್ಚುವರಿ ಪಟ್ಟಿ ಬಿಟ್ಟು ಕತ್ತರಿಸಿ. ಕೆಳಗಿನ ಎಡ ಮೂಲೆಯಲ್ಲಿ ಮೊದಲ ಚುಕ್ಕೆ. ಅಲ್ಲಿಂದ 4 ಸೆಂ.ಮೀ. ಬಲಕ್ಕೆ, 1.5 ಸೆಂ.ಮೀ. ಮೇಲಕ್ಕೆ ಎರಡನೆಯದು. ಹೀಗೆಯೇ ಹದಿನೆಂಟು ಚುಕ್ಕೆ. ಬಲ ಅಂಚು ದಾಟಿದಾಗ ಹೆಚ್ಚಾದಷ್ಟನ್ನು ಎಡ ಅಂಚಿನಿಂದ ಅಳೆಯಿರಿ: ನಾಲ್ಕನೆಯ ಚುಕ್ಕೆ 12 ಸೆಂ.ಮೀ.ಗೆ ಬರುತ್ತದೆ, ಐದನೆಯದು 16ಕ್ಕೆ ಬರಬೇಕು, ಅಂದರೆ ಎಡ ಅಂಚಿನಿಂದ 1.6 ಸೆಂ.ಮೀ. ದೂರದಲ್ಲಿ, ಬುಡದಿಂದ 6 ಸೆಂ.ಮೀ. ಎತ್ತರದಲ್ಲಿ. ಚುಕ್ಕಿ ರಂಗೋಲಿ ಹಾಕಿ ಪಳಗಿದ ಕೈಗೆ ಇದು ಹತ್ತು ನಿಮಿಷದ ಕೆಲಸ. ಲೆಕ್ಕ ಸರಿಯಿದೆಯೇ ಎಂದು ತಿಳಿಯಲು ಹತ್ತನೆಯ ಚುಕ್ಕೆಯನ್ನು ನೋಡಿ: ಅದು ಅಗಲದ ನಟ್ಟನಡುವೆ, 7.2 ಸೆಂ.ಮೀ.ಗೆ ಬಿದ್ದಿರಬೇಕು. ಎಲ್ಲ ಚುಕ್ಕೆಗೂ ಸಂಖ್ಯೆ ಬರೆಯಿರಿ.

ಈಗ ಚುಕ್ಕೆಗಳು ಹೊರಗೆ ಕಾಣುವಂತೆ ಹಾಳೆಯನ್ನು ಸುತ್ತಿ, ಎಡ ಅಂಚನ್ನು ಬಲ ಗೆರೆಗೆ ತಾಗಿಸಿ ಅಂಟಿಸಿ. ಒಳಗೆ ಲಟ್ಟಣಿಗೆ ತೂರಿಸಿದರೆ ಮೇಲೆ ಬರೆಯಲು ಗಟ್ಟಿ ಆಸರೆ ಸಿಗುತ್ತದೆ. ಚುಕ್ಕೆಗಳು ಒಳಗಾಗುವಂತೆ ಸುತ್ತಿದರೆ ಸುರುಳಿ ಎಡಕ್ಕೆ ತಿರುಗಿಬಿಡುತ್ತದೆ; ಪ್ರೋಟೀನಿನ ಆಲ್ಫಾ ಸುರುಳಿ ಬಲಕ್ಕೆ ತಿರುಗುತ್ತದೆ, ಮಾಮೂಲಿ ಸ್ಕ್ರೂ ಹಾಗೆ.

ನಿಮ್ಮ ಕೈಯಲ್ಲಿರುವುದು 10 ಕೋಟಿ ಪಟ್ಟು ಹಿಗ್ಗಿಸಿದ ಸುರುಳಿ. ಇಲ್ಲಿನ ಒಂದು ಸೆಂ.ಮೀ. ಅಲ್ಲಿನ ಒಂದು ಆಂಗ್‌ಸ್ಟ್ರಾಮ್. ಒಂದು ಪೂರ್ತಿ ಸುತ್ತಿಗೆ 3.6 ಕೊಂಡಿ, ಸುತ್ತಿನ ಎತ್ತರ 5.4 ಆಂಗ್‌ಸ್ಟ್ರಾಮ್. ಈ 3.6 ಎಂಬ ಅರೆಬರೆ ಸಂಖ್ಯೆಯಲ್ಲೇ ಕೇಂಬ್ರಿಜ್‌ನ ಘಟಾನುಘಟಿಗಳು ಎಡವಿದ್ದರು. ಬ್ರ್ಯಾಗ್, ಕೆಂಡ್ರೂ, ಪೆರುಟ್ಜ್ ಮೂವರೂ 1950ರಲ್ಲಿ ಒಂದು ಸುತ್ತಿಗೆ ಪೂರ್ಣಸಂಖ್ಯೆಯ ಕೊಂಡಿಗಳಿರಬೇಕೆಂದು ಹಿಡಿದು ಕೂತರು. ಪಾಲಿಂಗ್ ಅಂಥ ಹಟ ಇಟ್ಟುಕೊಳ್ಳಲಿಲ್ಲ. ಕೊಂಡಿಗಳ ನಡುವಿನ ಪೆಪ್ಟೈಡ್ ಬಂಧ ತಿರುಚದೆ ಚಪ್ಪಟೆಯಾಗಿರಬೇಕು, ಕೈಗಳು ಸೇರಬೇಕು ಎಂಬ ಎರಡೇ ನಿಯಮ ಹಾಕಿಕೊಂಡರು.

ಗೆರೆ ಎಳೆಯುವುದು

ಒಂದನೆಯ ಚುಕ್ಕೆಯ ಮೇಲೆ ಕಣ್ಣಿಟ್ಟು ಕೊಳವೆಯನ್ನು ನೆಟ್ಟಗೆ ಹಿಡಿಯಿರಿ. ಹೆಚ್ಚುಕಡಿಮೆ ಅದರ ನೆತ್ತಿಯ ಮೇಲೆ ಕಾಣುವುದು ಐದನೆಯದು. ಒಂದರಿಂದ ಐದಕ್ಕೆ ಪೆನ್ಸಿಲ್ ಗೆರೆ ಎಳೆಯಿರಿ. ಎರಡರಿಂದ ಆರಕ್ಕೆ, ಮೂರರಿಂದ ಏಳಕ್ಕೆ, ಹೀಗೆ ಹದಿನಾಲ್ಕರಿಂದ ಹದಿನೆಂಟರವರೆಗೆ. ಪ್ರತಿ ಗೆರೆಯೂ ಒಂದು ಹೈಡ್ರೋಜನ್ ಬಂಧ: ಕೆಳಗಿನ ಕೊಂಡಿಯ C=O ಮೇಲಕ್ಕೆ ನೋಡುತ್ತದೆ, ನಾಲ್ಕು ಕೊಂಡಿ ಮುಂದಿರುವುದರ N-H ಕೆಳಕ್ಕೆ ನೋಡುತ್ತದೆ. ನಿಮ್ಮ ಗೆರೆ ಆರು ಸೆಂ.ಮೀ. ದಾಟುತ್ತದೆಂದು ಗಾಬರಿ ಬೇಡ. ಅದು ಕೊಂಡಿಗಳ ನಡುಬಿಂದುಗಳ ಅಂತರ. ಕೈಗೆ ಕೈ ತಾಗುವಲ್ಲಿ ಆಮ್ಲಜನಕಕ್ಕೂ ಸಾರಜನಕಕ್ಕೂ ನಡುವೆ ಇರುವುದು ಸುಮಾರು 2.9 ಆಂಗ್‌ಸ್ಟ್ರಾಮ್ ಮಾತ್ರ.

ಗೆರೆಗಳನ್ನು ಎಣಿಸಿ. ಕೊಂಡಿ ಹದಿನೆಂಟು, ಗೆರೆ ಹದಿನಾಲ್ಕು. ಬುಡದ ನಾಲ್ಕು N-H, ತುದಿಯ ನಾಲ್ಕು C=O ಖಾಲಿ ಉಳಿದಿವೆ. ಈ ಖಾಲಿ ಕೈಗಳೇ ಮುಂದಿನ ಕತೆಯ ಕೀಲಿ.

ಜೇನಿನ ವಿಷ

ಜೇನುಹುಳದ ವಿಷದ ಮುಖ್ಯ ಅಂಶ ಮೆಲಿಟಿನ್. ಒಟ್ಟು 26 ಕೊಂಡಿಗಳ ಸಣ್ಣ ಸರಪಳಿ. ಮೊದಲ ಹದಿನೆಂಟನ್ನು ಕೆಳಗಿನಿಂದ ಮೇಲಕ್ಕೆ ನಿಮ್ಮ ಚುಕ್ಕೆಗಳ ಪಕ್ಕ ಬರೆಯಿರಿ: ಗ್ಲೈಸಿನ್, ಐಸೊಲ್ಯೂಸಿನ್, ಗ್ಲೈಸಿನ್, ಅಲನಿನ್, ವ್ಯಾಲಿನ್, ಲ್ಯೂಸಿನ್, ಲೈಸಿನ್, ವ್ಯಾಲಿನ್, ಲ್ಯೂಸಿನ್, ಥ್ರಿಯೊನಿನ್, ಥ್ರಿಯೊನಿನ್, ಗ್ಲೈಸಿನ್, ಲ್ಯೂಸಿನ್, ಪ್ರೋಲೀನ್, ಅಲನಿನ್, ಲ್ಯೂಸಿನ್, ಐಸೊಲ್ಯೂಸಿನ್, ಸೆರಿನ್.

ಹದಿನಾಲ್ಕನೆಯದು ಪ್ರೋಲೀನ್. ಅದಕ್ಕೆ ಚಾಚುವ ಕೈ ಇಲ್ಲವಲ್ಲ, ಹತ್ತರಿಂದ ಹದಿನಾಲ್ಕಕ್ಕೆ ಎಳೆದ ಗೆರೆಯನ್ನು ಅಳಿಸಿ. ಹತ್ತನೆಯ ಥ್ರಿಯೊನಿನ್ನಿನ C=O ಈಗ ಯಾರನ್ನೂ ಹಿಡಿಯದೆ ನಿಂತಿದೆ. ನಷ್ಟ ಇಷ್ಟೇ ಆಗಿದ್ದರೆ ಸುರುಳಿ ಹೇಗೋ ತಡೆದುಕೊಳ್ಳುತ್ತಿತ್ತು. ಆದರೆ ಹೈಡ್ರೋಜನ್ ಇರಬೇಕಾದ ಜಾಗದಲ್ಲಿ ಪ್ರೋಲೀನಿನ ದಪ್ಪ ಉಂಗುರವಿದೆ. ಅದು ಕೆಳಗಿನ ಸುತ್ತಿಗೆ, ವಿಶೇಷವಾಗಿ ಆ ಖಾಲಿ C=Oಗೆ, ಗುದ್ದುತ್ತದೆ. ಸುರುಳಿ ಆ ಬದಿಯಲ್ಲಿ ಬಾಯಿ ತೆರೆದು ಇನ್ನೊಂದು ಬದಿಗೆ ಬಾಗಲೇಬೇಕು. ಎಕ್ಸ್-ರೇ ಚಿತ್ರದಲ್ಲಿ ಮೆಲಿಟಿನ್ ನಿಜವಾಗಿಯೂ ಹೀಗೆ ಕಾಣುತ್ತದೆ: ಎರಡು ಸುರುಳಿ ತುಂಡುಗಳು, ನಡುವೆ ಸುಮಾರು 120 ಡಿಗ್ರಿ ಕೋನ, ಬಾಗು ಬಿದ್ದಿರುವುದು ಹನ್ನೊಂದು, ಹನ್ನೆರಡರ ಸುತ್ತಮುತ್ತ.

ಪ್ರೋಲೀನಿನ ಕೋನವೇ ಸುರುಳಿಗೆ ಒಗ್ಗುವುದಿಲ್ಲ ಎಂದು ಕೆಲವರು ಬರೆಯುತ್ತಾರೆ. ಅದು ತಪ್ಪು. ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಮದರಾಸಿನಿಂದ ಪ್ರಕಟಿಸಿದ ನಕ್ಷೆಯನ್ನು ನೋಡಿದರೆ ಗೊತ್ತಾಗುತ್ತದೆ. ಕೊಂಡಿಯ ಎರಡು ತಿರುವುಗಳಲ್ಲಿ ಯಾವ ಜೋಡಿ ಸಾಧ್ಯ, ಯಾವುದು ಅಸಾಧ್ಯ ಎಂದು ತೋರಿಸುವ ನಕ್ಷೆ ಅದು; ರಾಮಚಂದ್ರನ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಸುರುಳಿಗೆ ಬೇಕಾದ ಮೊದಲ ತಿರುವು ಮೈನಸ್ 60 ಡಿಗ್ರಿಯ ಹತ್ತಿರ. ಪ್ರೋಲೀನಿನ ಉಂಗುರ ಆ ತಿರುವನ್ನು ಬಿಗಿದಿಟ್ಟಿರುವುದೂ ಅದರ ಆಸುಪಾಸಿನಲ್ಲೇ. ಹಾಗಾಗಿಯೇ ಸುರುಳಿಯ ಮೊದಲ ಸುತ್ತಿನಲ್ಲಿ ಪ್ರೋಲೀನ್ ಧಾರಾಳವಾಗಿ ಸಿಗುತ್ತದೆ. ಅಲ್ಲಿ N-H ಕೈಗಳು ಹೇಗೂ ಖಾಲಿ, ಗುದ್ದಲು ಕೆಳಗೆ ಸುತ್ತೂ ಇಲ್ಲ.

ಉಳಿದವರ ಸ್ವಭಾವವೂ ಕೊಳವೆಯ ಮೇಲೆಯೇ ತಿಳಿಯುತ್ತದೆ. ಪ್ರತಿ ಚುಕ್ಕೆಯಿಂದ ಒಂದು ಬಾಲ ಹೊರಕ್ಕೆ ಚಾಚಿ, ತುಸು ಕೆಳಗಿನ ಸುತ್ತಿನ ಕಡೆಗೆ ವಾಲುತ್ತದೆ. ಅಲನಿನ್ನಿನ ಬಾಲ ಒಂದೇ ಇಂಗಾಲದ ಮೊಂಡು ಬಾಲ, ಯಾರಿಗೂ ತೊಂದರೆಯಿಲ್ಲ. ಸುರುಳಿಗೆ ಅದೇ ಅಚ್ಚುಮೆಚ್ಚು. ವ್ಯಾಲಿನ್, ಐಸೊಲ್ಯೂಸಿನ್, ಥ್ರಿಯೊನಿನ್‌ಗಳ ಬಾಲ ಬುಡದಲ್ಲೇ ಕವಲೊಡೆದಿದೆ. ಸುರುಳಿಯಲ್ಲಿ ಆ ಕವಲು ಅತ್ತಿತ್ತ ತಿರುಗಲು ಜಾಗ ಸಾಲದೆ ಒಂದೇ ಭಂಗಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಗ್ಲೈಸಿನ್ನಿನ ಕತೆ ಉಲ್ಟಾ: ಬಾಲವೇ ಇಲ್ಲದ ಅದು ಎತ್ತ ಬೇಕಾದರೂ ಬಾಗುವ ಕೊಂಡಿ, ಅದನ್ನು ಸುರುಳಿಯಲ್ಲಿ ಕಟ್ಟಿಹಾಕಿದರೆ ಆ ಸ್ವಾತಂತ್ರ್ಯವೆಲ್ಲ ಹೋಗುತ್ತದೆ. ಅಲನಿನ್ನಿಗೆ ಹೋಲಿಸಿದರೆ ಸುರುಳಿಯ ನಡುವೆ ಗ್ಲೈಸಿನ್ ಇಡಲು ಮೋಲ್‌ಗೆ ಸುಮಾರು 1 ಕಿಲೋಕ್ಯಾಲರಿ ದಂಡ, ಪ್ರೋಲೀನಿಗೆ 3ಕ್ಕಿಂತ ತುಸು ಹೆಚ್ಚು. ಸಣ್ಣ ಮೊತ್ತವೆನಿಸಬಹುದು. ಇಡೀ ಪ್ರೋಟೀನಿನ ಮಡಿಕೆ ನಿಂತಿರುವುದೇ ಸಾಮಾನ್ಯವಾಗಿ 5ರಿಂದ 15 ಕಿಲೋಕ್ಯಾಲರಿಯ ಮೇಲೆ.

ಹಾಗಾದರೆ ಇಷ್ಟೊಂದು ವ್ಯಾಲಿನ್, ಥ್ರಿಯೊನಿನ್, ಗ್ಲೈಸಿನ್ ಇರುವ ಮೆಲಿಟಿನ್ ಸುರುಳಿಯಾಗುವುದಾದರೂ ಹೇಗೆ? ಒಂಟಿಯಾಗಿ ನೀರಿನಲ್ಲಿದ್ದಾಗ ಅದು ಬಹುಪಾಲು ಸುರುಳಿಯಾಗಿರುವುದೇ ಇಲ್ಲ. ಜೀವಕೋಶದ ಎಣ್ಣೆಯಂಥ ಪೊರೆ ಸಿಕ್ಕಾಗ, ಅಥವಾ ನಾಲ್ಕು ಮೆಲಿಟಿನ್‌ಗಳು ಒಟ್ಟುಗೂಡಿದಾಗ, ಸುತ್ತಿಕೊಳ್ಳುತ್ತದೆ. ಕೊಂಡಿಗಳ ಪಟ್ಟಿಯನ್ನಷ್ಟೇ ನೋಡಿ ರಚನೆ ಹೇಳಹೊರಟವರು ಮುಗ್ಗರಿಸುವುದು ಇಂಥಲ್ಲೇ.

ಈಗ ನೆರಿಗೆ

ಪ್ರೋಟೀನಿನ ಸರಪಳಿ ಸುರುಳಿಯಾಗದೆ ನೆರಿಗೆಯಾಗಿ ಚಾಚಿಕೊಳ್ಳುವುದೂ ಉಂಟು. ಎರಡನೆಯ ಹಾಳೆಯಿಂದ ಎರಡು ಸೆಂ.ಮೀ. ಅಗಲದ ಮೂರು ಪಟ್ಟಿ ಕತ್ತರಿಸಿ. 3.8 ಸೆಂ.ಮೀ.ಗೊಂದರಂತೆ ಗುರುತು ಹಾಕಿ, ಗುರುತಿನಲ್ಲಿ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಮಡಚಿ, ಆಮೇಲೆ ತುಸು ಮಾತ್ರ ನೆರಿಗೆ ಉಳಿಯುವಂತೆ ಎಳೆದು ಬಿಡಿ. ಪ್ರತಿ ಮಡಿಕೆಯೂ ಒಂದು ಕೊಂಡಿ. ಪಟ್ಟಿಗಳನ್ನು 4.7 ಸೆಂ.ಮೀ. ಅಂತರದಲ್ಲಿ ಪಕ್ಕಪಕ್ಕ ಇಟ್ಟು, ನಡುವಿನದಕ್ಕೆ ವಿರುದ್ಧ ದಿಕ್ಕಿನ ಬಾಣ ಬರೆಯಿರಿ. ಬೀಟಾ ಹಾಳೆ ಸಿದ್ಧ.

ಸುರುಳಿಯಲ್ಲಿ ಕೊಂಡಿ ತನ್ನದೇ ಸರಪಳಿಯ ಕೈ ಹಿಡಿದಿತ್ತು. ಇಲ್ಲಿ ಪಕ್ಕದ ಎಳೆಯದನ್ನು ಹಿಡಿಯುತ್ತದೆ. ಒಂದು ಕೊಂಡಿಯ ಎರಡೂ ಕೈ ಎಡಕ್ಕೆ ಚಾಚಿದರೆ ಮುಂದಿನದರ ಎರಡೂ ಬಲಕ್ಕೆ. ಎಳೆಗಳು ಎದುರುಬದುರಾಗಿ ಓಡುವಾಗ ಒಂದು ಕೊಂಡಿ ಎದುರಿನ ಒಂದೇ ಕೊಂಡಿಗೆ ಎರಡೂ ಕೈ ಕೊಡುತ್ತದೆ, ಬಂಧಗಳು ನೇರ. ಒಂದೇ ದಿಕ್ಕಿಗೆ ಓಡುವಾಗ ಎರಡು ಬೇರೆ ಕೊಂಡಿಗಳಿಗೆ ಒಂದೊಂದು ಕೈ, ಬಂಧಗಳು ಓರೆ.

ಬಾಲಗಳು ಇಲ್ಲಿ ಮಡಿಕೆಯ ತುದಿಯಿಂದ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಏಳುತ್ತವೆ. ಕವಲು ಬಾಲಗಳಿಗೆ ಬೇಕಾದಷ್ಟು ಜಾಗ. ಸುರುಳಿಯಲ್ಲಿ ಉಸಿರುಕಟ್ಟಿದ್ದ ವ್ಯಾಲಿನ್, ಐಸೊಲ್ಯೂಸಿನ್ ಇಲ್ಲಿ ಹಾಯಾಗಿರುತ್ತವೆ. ಪ್ರೋಲೀನಿಗೆ ಇಲ್ಲೂ ನೆಲೆಯಿಲ್ಲ, ಈ ಸಲ ಕೋನವೂ ತಪ್ಪು: ಹಾಳೆಗೆ ಬೇಕಾದದ್ದು ಮೈನಸ್ 120ರ ಸುತ್ತಮುತ್ತಲಿನ ತಿರುವು.

ರಾಮನಗರದ ಮಾರುಕಟ್ಟೆಗೆ ಬರುವ ಹಿಪ್ಪುನೇರಳೆ ರೇಷ್ಮೆಗೂಡಿನ ಎಳೆ ಇಂಥ ಎದುರುಬದುರು ಹಾಳೆಗಳ ಕಟ್ಟು. ಅದರ ಪ್ರೋಟೀನಿನಲ್ಲಿ ಗ್ಲೈಸಿನ್, ಅಲನಿನ್, ಗ್ಲೈಸಿನ್, ಅಲನಿನ್, ಗ್ಲೈಸಿನ್, ಸೆರಿನ್ ಎಂಬ ಆರರ ಸಾಲು ಮತ್ತೆ ಮತ್ತೆ ಬರುತ್ತದೆ. ಪಟ್ಟಿಯ ಮೇಲೆ ಬರೆದು ನೋಡಿ: ಗ್ಲೈಸಿನ್ ಎಲ್ಲ ಕೆಳಮಡಿಕೆಗೆ ಬಿದ್ದರೆ ಅಲನಿನ್, ಸೆರಿನ್ ಎಲ್ಲ ಮೇಲ್ಮಡಿಕೆಗೆ. ಸುರುಳಿಯ ಮೆಚ್ಚಿನ ಅಲನಿನ್ ಇಲ್ಲೇಕೆ ಬಂತು ಎಂದರೆ, ಅದರ ಅಕ್ಕಪಕ್ಕ ಎರಡೂ ಕಡೆ ಗ್ಲೈಸಿನ್ ಕೂತಿದೆ. ಸುರುಳಿಯಾಗಬೇಕಾದರೆ ಒಂದು ಬಿಟ್ಟು ಒಂದಕ್ಕೆ ದಂಡ ತೆರಬೇಕು. ಹಾಳೆಯಾದರೆ ಬಾಲವಿಲ್ಲದ ಗ್ಲೈಸಿನ್ ಮುಖಗಳು ಒಂದಕ್ಕೊಂದು ಬರೀ 3.5 ಆಂಗ್‌ಸ್ಟ್ರಾಮ್ ಹತ್ತಿರ ಕೂಡುತ್ತವೆ, ಅಲನಿನ್ ಮುಖಗಳು 5.7ಕ್ಕೆ.

ಈಗ ಕೊಳವೆ ಮತ್ತು ಪಟ್ಟಿಯನ್ನು ಅಕ್ಕಪಕ್ಕ ಹಿಡಿಯಿರಿ. ಹದಿನೆಂಟು ಕೊಂಡಿ ಕೊಳವೆಯಲ್ಲಿ 25.5 ಸೆಂ.ಮೀ. ಏರಿತ್ತು, ನೆರಿಗೆಯಲ್ಲಿ ಕೊಂಡಿಗೆ 3.5ರಂತೆ ಅದೇ ಹದಿನೆಂಟು 59.5 ಸೆಂ.ಮೀ. ಆಗುತ್ತದೆ. ಉಣ್ಣೆ, ಕೂದಲು ಸುರುಳಿಯ ಪ್ರೋಟೀನುಗಳು: ಹಬೆಯಲ್ಲಿಟ್ಟು ಜಗ್ಗಿದರೆ ಗೆರೆಗಳು ಒಂದೊಂದಾಗಿ ಕಳಚಿ ಎಳೆ ಎರಡು ಪಟ್ಟಿನ ಹತ್ತಿರಕ್ಕೆ ಹಿಗ್ಗುತ್ತದೆ. ರೇಷ್ಮೆಯ ಸರಪಳಿ ಮೊದಲೇ ಚಾಚಿಕೊಂಡಿದೆ. ಜಗ್ಗಿದರೆ ಅಷ್ಟು ಹಿಗ್ಗಲು ಅದಕ್ಕೆ ಬಿಚ್ಚಿಕೊಡುವ ಸುತ್ತೇ ಇಲ್ಲ.