ಮೂರು ಅಂಗಡಿ, ಒಂದೇ ಗೂಗಲ್ ಆಡ್ಸ್ ಖಾತೆ

ನಮ್ಮ ಕನ್ನಡಕದ ಅಂಗಡಿ ಮೈಸೂರು, ಮಂಡ್ಯ, ಹಾಸನದಲ್ಲಿದೆ. ಮೂರಕ್ಕೂ ಒಂದೇ ಕ್ಯಾಂಪೇನ್ ಇತ್ತು. ಮೈಸೂರಿನಲ್ಲಿ ಹುಡುಕುವವರೇ ಜಾಸ್ತಿ, ಹಾಗಾಗಿ ಮಧ್ಯಾಹ್ನಕ್ಕೇ ದಿನದ ದುಡ್ಡು ಅಲ್ಲೇ ಮುಗಿಯುತ್ತಿತ್ತು.

ಶಾಖೆಗೊಂದು ಖಾತೆ ಮಾಡೋಣ ಅಂತ ಮೊದಲು ಅನಿಸುತ್ತದೆ. ಆದರೆ ಮಾಲೀಕರು, ಬಿಲ್, ವೆಬ್‌ಸೈಟ್ ಎಲ್ಲ ಒಂದೇ ಇದ್ದಾಗ ಒಂದೇ ಖಾತೆ ಸಾಕು. ಅದರೊಳಗೆ ಶಾಖೆಗೊಂದು ಕ್ಯಾಂಪೇನ್ ಮಾಡಿದೆ. ಮೂರೂ ಹಂಚಿಕೊಳ್ಳುವ ಶೇರ್ಡ್ ಬಜೆಟ್ ಬಳಸದೆ, ಪ್ರತಿಯೊಂದಕ್ಕೂ ಬೇರೆ ದಿನದ ಬಜೆಟ್ ಇಟ್ಟೆ. ಮಂಡ್ಯಕ್ಕೆ ದಿನಕ್ಕೆ 200 ರೂಪಾಯಿ. ಒಂದೊಂದು ದಿನ ಇದರ ಎರಡು ಪಟ್ಟು ಖರ್ಚಾಗಬಹುದು, ಗಾಬರಿ ಬೇಡ. ತಿಂಗಳ ಮಿತಿ 200ರ 30.4 ಪಟ್ಟು, ಅಂದರೆ 6,080 ದಾಟುವುದಿಲ್ಲ. ಊರಿನ ಆಯ್ಕೆಯಲ್ಲಿ `Presence` ಇಟ್ಟರೆ ಸುಮ್ನೆ ಆ ಊರಿನ ಬಗ್ಗೆ ಹುಡುಕುವ ದೂರದವರಿಗೆ ದುಡ್ಡು ಹೋಗುವುದು ಕಡಿಮೆಯಾಗುತ್ತದೆ.

ಆಮೇಲೂ ಹಾಸನದ ಜಾಹೀರಾತಿನ ಕೆಳಗೆ ಮೈಸೂರಿನ ವಿಳಾಸ ಬರುತ್ತಿತ್ತು! ಗೂಗಲ್ ಬಿಸಿನೆಸ್ ಪ್ರೊಫೈಲ್‌ನಿಂದ ಬಂದ ಮೂರೂ ವಿಳಾಸಗಳು ಇಡೀ ಖಾತೆಗೆ ಅಂಟಿಕೊಂಡಿರುತ್ತವೆ, ಅದೇ ಕಾರಣ. ಶಾಖೆಗೊಂದು ಲೊಕೇಶನ್ ಗ್ರೂಪ್ ಮಾಡಿ, ಅದನ್ನು ಆಯಾ ಕ್ಯಾಂಪೇನ್‌ಗೆ ಜೋಡಿಸಿದೆ. ಕ್ಯಾಂಪೇನ್ ಮಟ್ಟದ್ದು ಇದ್ದರೆ ಖಾತೆಯದ್ದು ಅಲ್ಲಿ ನಡೆಯುವುದಿಲ್ಲ.

ರಿಪೋರ್ಟ್‌ಗೆ ಬೇಕಾಗಿದ್ದು ಕ್ಯಾಂಪೇನ್ ಹೆಸರಿನ ಶಿಸ್ತು ಮಾತ್ರ: `Mandya | Search`, `Hassan | Search`. ಕನ್ವರ್ಶನ್ ಮೂರಕ್ಕೂ ಒಂದೇ, ಅಂದರೆ ಗ್ರಾಹಕರ ಕರೆ, ಹಾಗಾಗಿ ಒಂದು ಕರೆಗೆ ಯಾವ ಶಾಖೆ ಎಷ್ಟು ಖರ್ಚು ಮಾಡಿತು ಅಂತ ಒಂದೇ ಪಟ್ಟಿಯಲ್ಲಿ ಹೋಲಿಸಬಹುದು. ಅದೀಗ ಪ್ರತಿ ಸೋಮವಾರ ಮೂವರು ಮ್ಯಾನೇಜರ್‌ಗಳಿಗೂ ತಾನಾಗಿ ಮೇಲ್ ಹೋಗುತ್ತದೆ.