ಒಂದು ಪಾಯಿಂಟಲ್ಲಿ ತಪ್ಪಿದ ಗೆರೆ, ಆಮೇಲೆ ನಾನು ಪಟ್ಟಿ ಎಳೆಯೋಕೆ ಶುರು ಮಾಡಿದ್ದು

ಚಾರ್ಟ್ ನೋಡೋಕೆ ಶುರು ಮಾಡಿದ ಹೊಸದ್ರಲ್ಲಿ ನಾನು ಬೆಲೆ ಇಳಿಯೋದು ನಿಲ್ಲೋ ಸಪೋರ್ಟು, ಏರೋದು ನಿಲ್ಲೋ ರೆಸಿಸ್ಟೆನ್ಸು, ಎರಡನ್ನೂ ಗೆರೆ ಥರ ಎಳೀತಿದ್ದೆ, ಅದೂ ಪೈಸೆ ಲೆಕ್ಕದಲ್ಲಿ. ಝೂಮ್ ಮಾಡಿ, ದಿನದ ಏರಿಳಿತ ತೋರ್ಸೋ ಕ್ಯಾಂಡಲ್ ತುದಿಗೆ ಸರಿಯಾಗಿ ಕೂರಿಸಿ, ಅಬ್ಬಾ ಪಕ್ಕಾ ಇದೆ ಅಂತ ಖುಷಿ ಪಡ್ತಿದ್ದೆ. 2022ರ ಡಿಸೆಂಬರ್ 1ಕ್ಕೆ ನಿಫ್ಟಿ 18,887.60 ಮುಟ್ಟಿ ಇಳೀತಲ್ಲ, ಆವತ್ತಿನ ಹೈಗೆ ಹಿಂಗೇ ಒಂದು ಕೆಂಪು ಗೆರೆ ಎಳೆದಿಟ್ಟಿದ್ದೆ. ನನ್ನ ಹತ್ರ ನಿಫ್ಟಿ ಜೊತೆಗೇ ಏರಿಳಿಯೋ ಇಟಿಎಫ್ ಒಂದಷ್ಟಿತ್ತು, ಇಂಡೆಕ್ಸ್ ಮತ್ತೆ ಈ ಗೆರೆ ಮುಟ್ಟಿದ ದಿನ ಅರ್ಧ ಮಾರ್ತೀನಿ ಅಂತ ಪ್ಲಾನು.

ಮಾರ್ಚಲ್ಲಿ ಮಾರ್ಕೆಟ್ಟು 16,828ರ ತನಕ ಬಿದ್ದು, ಮತ್ತೆ ಎದ್ದು, ಜೂನಲ್ಲಿ ವಾಪಸ್ ಅಲ್ಲಿಗೇ ಬಂತು. 2023ರ ಜೂನ್ 21ಕ್ಕೆ ಹೈ 18,875.90. ಇನ್ನು ಹನ್ನೆರಡು ಪಾಯಿಂಟು ಅಷ್ಟೇ, ಕಾಯ್ದೆ. ಮಾರನೇ ದಿನ ಹೈ 18,886.60. ನನ್ನ ಗೆರೆಗೆ ಒಂದೇ ಒಂದು ಪಾಯಿಂಟು ಕಮ್ಮಿ! ಮುಟ್ಟಲಿಲ್ಲ ಅಂತ ನಾನೂ ಮಾರಲಿಲ್ಲ, 23ಕ್ಕೆ ನಿಫ್ಟಿ 18,665.50ಕ್ಕೆ ಕ್ಲೋಸ್ ಆಯ್ತು. ಮನೇಲಿ ಹೇಳಿದ್ರೆ "ಒಂದು ಪಾಯಿಂಟಿಗೆ ಯಾರಾದ್ರೂ ಕಾಯ್ತಾರೇನ್ರೀ" ಅಂತ ನಕ್ಳು. ತಮಾಷೆ ಏನಂದ್ರೆ ಅದಾಗಿ ಐದೇ ದಿನಕ್ಕೆ ನಿಫ್ಟಿ ನನ್ನ ಗೆರೆನೂ ದಾಟಿ ಮೇಲೆ ಹೋಯ್ತು, ಅಂದ್ರೆ ಮಾರದೇ ಇದ್ದಿದ್ದೇ ಲಾಭ ಆಯ್ತು. ಆದ್ರೆ ಅದು ಅದೃಷ್ಟ, ನನ್ನ ಗೆರೆಯ ಜಾಣತನ ಅಲ್ಲ.

ಆಮೇಲೆ ಕೂತು ಯೋಚನೆ ಮಾಡ್ದೆ, ಆ 18,887.60ರಲ್ಲಿ ಅಂಥದ್ದೇನಿದೆ ಅಂತ. ಏನೂ ಇಲ್ಲ. ಆವತ್ತು ಮಾರೋರು ಎಲ್ರೂ ಸೇರಿ ಒಂದೇ ರೇಟಿಗೆ ನಿಂತಿರಲಿಲ್ಲ, ಒಬ್ರು 18,800 ದಾಟಿದ ತಕ್ಷಣ ಮಾರಿರ್ತಾರೆ, ಇನ್ನೊಬ್ರು 18,850ರಲ್ಲಿ, ಮತ್ತೊಬ್ರು 18,900ಕ್ಕೆ ಅಂತ ಆರ್ಡರ್ ಹಾಕಿ ಸಿಗದೇ ವಾಪಸ್ ಹೋಗಿರ್ತಾರೆ. ಕೊನೇ ಖರೀದಿದಾರ ಎಲ್ಲಿ ಸುಸ್ತಾದ ಅನ್ನೋದಷ್ಟೇ ಕ್ಯಾಂಡಲ್ ತುದಿ. ಎರಡು ಹೊಲದ ನಡುವಿನ ಬದು ನೋಡಿ, ಅದು ದಾರ ಕಟ್ಟಿದಂಗೆ ಇರಲ್ಲ, ಮನುಷ್ಯ ನಡ್ಕೊಂಡು ಹೋಗುವಷ್ಟು ಅಗಲ ಇರತ್ತೆ, ಅದರ ಮೇಲೆ ನಿಂತಾಗ ನೀವು ಯಾರ ಹೊಲದಲ್ಲೂ ಇಲ್ಲ. ಬೆಲೆಗೂ ಹಂಗೇ ಒಂದು ಬದು ಇರತ್ತೆ ಅಂದ್ಕೊಂಡೆ.

ಇನ್ನೊಂದು ವಿಷ್ಯ ಆಗ ಗೊತ್ತಾಗಿದ್ದು. ಎನ್‌ಎಸ್‌ಇಲಿ ಶೇರಿನ ಕ್ಲೋಸಿಂಗ್ ಬೆಲೆ ಅಂತ ನಾವು ನೋಡ್ತಿದ್ದಿದ್ದು ಕೊನೇ ಟ್ರೇಡಿನ ಬೆಲೆ ಅಲ್ಲ, ಕೊನೇ ಅರ್ಧ ಗಂಟೆಯ ಟ್ರೇಡುಗಳ ಸರಾಸರಿ. ಅದಕ್ಕೇ ಒಂದು ಚಾರ್ಟಲ್ಲಿ ಒಂದು ಥರ, ಇನ್ನೊಂದ್ರಲ್ಲಿ ಸ್ವಲ್ಪ ಬೇರೆ ಥರ ಕಾಣ್ಸತ್ತೆ. ಶೇರುಗಳಲ್ಲಂತೂ ಕೆಲವು ಚಾರ್ಟು ಹಳೇ ಬೆಲೆಯಿಂದ ಡಿವಿಡೆಂಡ್ ಕಳೆದು ತೋರ್ಸತ್ತೆ, ಕೆಲವು ಇಲ್ಲ. ಪೈಸೆ ಲೆಕ್ಕದ ಗೆರೆ ಎಳೆಯೋನು ಯಾವ ಪೈಸೆ ಹಿಡ್ಕೋಬೇಕು?

ಸರಿ, ಈಗ ನಾನು ಎಳೆಯೋದು ಹೆಂಗೆ ಅಂದ್ರೆ, ಮೊದಲು ಡೈಲಿ ಚಾರ್ಟನ್ನ ಒಂದೂವರೆ ಎರಡು ವರ್ಷ ಕಾಣೋ ಹಾಗೆ ಚಿಕ್ಕದು ಮಾಡ್ಕೋತೀನಿ, ಕ್ಯಾಂಡಲ್ ತೆಗೆದು ಲೈನ್ ಚಾರ್ಟ್ ಮಾಡ್ತೀನಿ. ಲೈನ್ ಚಾರ್ಟಲ್ಲಿ ಬರೀ ಕ್ಲೋಸಿಂಗ್ ಕಾಣ್ಸತ್ತೆ, ಗಲಾಟೆ ಕಮ್ಮಿ, ಎಲ್ಲಿ ತಿರುಗಿದೆ ಅನ್ನೋದು ಥಟ್ ಅಂತ ಗೊತ್ತಾಗತ್ತೆ. ಆ ತಿರುವಿನ ಕ್ಲೋಸಿಂಗ್ ನನ್ನ ಪಟ್ಟಿಯ ಒಂದು ಅಂಚು. ಆಮೇಲೆ ವಾಪಸ್ ಕ್ಯಾಂಡಲ್‌ಗೆ ಹೋಗಿ ಅಲ್ಲಿನ ಬತ್ತಿ, ಅಂದ್ರೆ ಕ್ಯಾಂಡಲ್ ಮೇಲೆ ಕೆಳಗೆ ಇರೋ ಸಣ್ಣ ಗೆರೆ, ಎಲ್ಲಿಯವರೆಗೆ ಚಾಚಿದೆ ನೋಡ್ತೀನಿ, ಅದು ಇನ್ನೊಂದು ಅಂಚು. ಎರಡರ ನಡುವೆ ರೆಕ್ಟ್ಯಾಂಗಲ್ ಎಳೆದು ಬಲಗಡೆಗೆ ಉದ್ದ ಮಾಡೋದು, ಅಷ್ಟೇ ಕೆಲಸ.

ಅದೇ ನಿಫ್ಟಿಗೆ ಮಾಡಿ ನೋಡಿ. 2022ರ ಡಿಸೆಂಬರ್ 1ರ ಕ್ಲೋಸಿಂಗ್ 18,812.50, ಆವತ್ತಿನ ಹೈ 18,887.60. ಪಟ್ಟಿ 18,812ರಿಂದ 18,888, ಸುಮಾರು 75 ಪಾಯಿಂಟ್ ಅಗಲ. ಒಂದೇ ಸಲ ತಿರುಗಿರೋ ಜಾಗ ಆದ್ರಿಂದ ಆಗ ಇದು ಬರೀ ಅನುಮಾನ. ಜೂನ್ 21ಕ್ಕೆ ಬೆಲೆ ಪಟ್ಟಿ ಒಳಗೆ ಬಂದು 18,856.85ಕ್ಕೆ ಒಳಗೇ ಕ್ಲೋಸ್ ಆಯ್ತು, 22ಕ್ಕೆ ಒಳಗೆ ಹೋಗಿ 18,771.25ಕ್ಕೆ, ಅಂದ್ರೆ ಪಟ್ಟಿಯ ಕೆಳಗೆ ಕ್ಲೋಸ್ ಆಯ್ತು. ಈಗ ಅನುಮಾನ ಹೋಗಿ ಜಾಗ ಖಾತ್ರಿ ಆಯ್ತು. ನಾನು ಆಗ ಪಟ್ಟಿ ಎಳೆದಿದ್ದಿದ್ರೆ ಅಲರ್ಟು ಕೆಳ ಅಂಚಿಗೆ ಇಟ್ಟಿರ್ತಿದ್ದೆ, ಮಾರೋದಾದ್ರೆ ಅಲ್ಲಿಂದಲೇ ಸ್ವಲ್ಪ ಸ್ವಲ್ಪ ಮಾರಿರ್ತಿದ್ದೆ, ಒಂದು ಪಾಯಿಂಟಿನ ಕಥೆನೇ ಬರ್ತಿರಲಿಲ್ಲ. ಜೂನ್ 28ಕ್ಕೆ 18,972.10ಕ್ಕೆ ಕ್ಲೋಸು, ಪಟ್ಟಿಯಿಂದ ಪೂರ್ತಿ ಆಚೆ. ನಾನು ಬ್ರೇಕೌಟ್ ಅನ್ನೋದು ಇದಕ್ಕೆ, ದಿನದ ಕ್ಲೋಸು ದೂರದ ಅಂಚಿನ ಆಚೆ ಆದ್ರೆ ಮಾತ್ರ. ಮಧ್ಯಾಹ್ನ ಹನ್ನೆರಡಕ್ಕೆ ಒಂಚೂರು ಇಣುಕಿದ್ದು ಲೆಕ್ಕಕ್ಕಿಲ್ಲ.

ಇದೇ ಪಟ್ಟಿ ನಂಗೆ ನಿಜವಾಗ್ಲೂ ಕೆಲಸಕ್ಕೆ ಬಂದಿದ್ದು ಅಕ್ಟೋಬರಲ್ಲಿ, ಈ ಸಲ ಕೆಳಗಿನ ಸಪೋರ್ಟ್ ಆಗಿ. ನಿಫ್ಟಿ ಸೆಪ್ಟೆಂಬರಲ್ಲಿ 20,222 ನೋಡಿ, ಅಮೆರಿಕದ ಬಾಂಡ್ ಯೀಲ್ಡು, ಇಸ್ರೇಲ್ ಯುದ್ಧ ಅಂತೆಲ್ಲ ಇಳೀತಾ ಇಳೀತಾ 2023ರ ಅಕ್ಟೋಬರ್ 26ಕ್ಕೆ 18,837.85ರ ತನಕ ಬಂತು. ನನ್ನ ಜೊತೆ ಚಾರ್ಟ್ ನೋಡೋ ಗೆಳೆಯ ಹಳೇ ಹೈಗೆ ಗೆರೆ ಎಳ್ಕೊಂಡಿದ್ದ, "ಮುಗೀತು ಮಾರಾಯಾ, 18,887 ಹೋಯ್ತು, ಸಪೋರ್ಟ್ ಬ್ರೇಕ್" ಅಂತ ಫೋನು. ಅವನ ಗೆರೆ ಪ್ರಕಾರ ಅವನು ಹೇಳಿದ್ದು ಸರಿನೇ, ಕ್ಲೋಸಿಂಗ್ ಕೂಡ 18,857.25, ಗೆರೆಯಿಂದ 30 ಪಾಯಿಂಟ್ ಕೆಳಗೆ. ನನ್ನ ಪಟ್ಟಿ ಪ್ರಕಾರ ಬೆಲೆ ಇನ್ನೂ ಬದುವಿನ ಮೇಲೇ ನಿಂತಿದೆ, 18,812ರ ಕೆಳ ಅಂಚನ್ನ ಮುಟ್ಟೂ ಇಲ್ಲ. ಮಾರನೇ ದಿನ ಮಾರ್ಕೆಟ್ಟು ಮೇಲೆ ಓಪನ್ ಆದ್ಮೇಲೆ ನಾನು ಸ್ವಲ್ಪ ಇಟಿಎಫ್ ತಗೊಂಡೆ, ಕ್ಲೋಸು 19,047.25. ಅವತ್ತು 18,812ರ ಕೆಳಗೆ ಕ್ಲೋಸ್ ಆಗಿದ್ದಿದ್ರೆ ನಷ್ಟ ತಗೊಂಡು ಆಚೆ ಬರ್ತಿದ್ದೆ, ಪಟ್ಟಿ ಇದ್ರೆ ಬೆಲೆ ನಿಲ್ಲಲೇಬೇಕು ಅಂತ ಕಾನೂನೇನಿಲ್ಲ.

ಹೊಸಬರಿಗೆ ಶೇರಿನ ಲೆಕ್ಕದಲ್ಲಿ ಒಂದು ಉದಾಹರಣೆ ಹೇಳ್ತೀನಿ, ಅಂಕಿ ನಾನೇ ಕಟ್ಟಿದ್ದು. ಒಂದು ಶೇರು ಮೂರು ಸಲ ಕೆಳಗೆ ಬಂದು ತಿರುಗಿದೆ, ಲೋಗಳು 238, 241, 237 ರೂಪಾಯಿ, ಆ ದಿನಗಳ ಕ್ಲೋಸಿಂಗ್ 241, 243, 240. ಇಲ್ಲಿ ಗೆರೆ ಎಳೆಯೋನಿಗೆ 237ಕ್ಕೋ 241ಕ್ಕೋ ಅಂತ ತಲೆನೋವು, ನಾನು 237ರಿಂದ 243 ಅಂತ ಪಟ್ಟಿ ಎಳೀತೀನಿ. ನಾಲ್ಕನೇ ಸಲ ಬೆಲೆ ಪಟ್ಟಿ ಒಳಗೆ ಬಂದಾಗ ತಕ್ಷಣ ತಗೊಳ್ಳಲ್ಲ, ಒಳಗೆ ಬಂದು ಮತ್ತೆ 243ರ ಮೇಲೆ ಕ್ಲೋಸ್ ಆಗ್ಲಿ ಅಂತ ಕಾಯ್ತೀನಿ. ಹಂಗೆ ಕಾಯ್ದ್ರೆ ಸಿಗೋದು 245ರ ಹತ್ರ. ಸ್ಟಾಪ್‌ಲಾಸ್, ಅಂದ್ರೆ ನಷ್ಟ ತಗೊಂಡು ಆಚೆ ಬರೋ ಬೆಲೆ, ಪಟ್ಟಿಯ ಕೆಳಗೆ, 235. 237ಕ್ಕೇ ಇಡಬಾರದು, ಎಲ್ರ ಸ್ಟಾಪೂ ಅಲ್ಲೇ ಇರತ್ತೆ. ಒಂದು ಶೇರಿಗೆ ರಿಸ್ಕು 10 ರೂಪಾಯಿ, ನಾನು ಒಂದು ಟ್ರೇಡಲ್ಲಿ 1,000 ಕಳ್ಕೊಳ್ಳೋಕೆ ರೆಡಿ ಇದ್ರೆ 100 ಶೇರು. ಪಟ್ಟಿ ಅಗಲ ಆದಷ್ಟೂ ತಗೊಳ್ಳೋ ಶೇರು ಕಮ್ಮಿ ಆಗತ್ತೆ, ಇದನ್ನ ಮರೆತು ಮೊದಲಿನಷ್ಟೇ ತಗೊಂಡು ನಾನು ಒಂದೆರಡು ಸಲ ಪೆಟ್ಟು ತಿಂದಿದೀನಿ. ಟಾರ್ಗೆಟ್ಟಿಗೂ ಇದೇ ಲೆಕ್ಕ, ಮೇಲಿನ ರೆಸಿಸ್ಟೆನ್ಸ್ ಪಟ್ಟಿ 265ರಿಂದ 271 ಅಂದ್ರೆ ನನ್ನ ಟಾರ್ಗೆಟ್ 265, 271 ಅಲ್ಲ. 10 ಕೊಟ್ಟು 20 ಸಿಗೋ ಹಾಗಿದೆ, ಸರಿ. ಅದೇ ಮೇಲಿನ ಪಟ್ಟಿ 252ಕ್ಕೇ ಶುರು ಆಗಿದ್ರೆ 10 ಕೊಟ್ಟು 7ಕ್ಕೆ ಕೈ ಒಡ್ಡಿದಂಗೆ, ಬಿಟ್ಟುಬಿಡ್ತೀನಿ.

ಪಟ್ಟಿ ಎಳೆಯೋರಿಗೆ ಒಂದು ರೋಗ ಬರತ್ತೆ, ನಂಗೂ ಬಂದಿತ್ತು. ಶೇರು ಪಟ್ಟಿಯ ಕೆಳಗೆ ಕ್ಲೋಸ್ ಆಯ್ತು, ಮಾರೋಕೆ ಮನಸ್ಸಿಲ್ಲ, ಆಗ ಮೌಸ್ ಹಿಡಿದು ಪಟ್ಟಿಯ ಕೆಳ ಅಂಚನ್ನ ಮೆತ್ತಗೆ ಎಳೆಯೋದು. "ಓ, 2021ರಲ್ಲಿ ಒಂದು ಬತ್ತಿ ಇಲ್ಲಿತನಕ ಬಂದಿತ್ತಲ್ವಾ" ಅಂತ ನೆಪ ಬೇರೆ. ಹಿಂಗೆ ಆರು ರೂಪಾಯಿ ಅಗಲ ಇದ್ದ ಪಟ್ಟಿ ಮೂರು ವಾರದಲ್ಲಿ ಹದಿನೈದು ರೂಪಾಯಿ ಆಗಿತ್ತು, ಶೇರು ಅದನ್ನೂ ದಾಟಿ ಇಳೀತು. ಅವತ್ತಿಂದ ಪಟ್ಟಿ ಎಳೆದ ದಿನ ಅದರೊಳಗೇ ತಾರೀಕು, ಎರಡೂ ಅಂಚಿನ ಅಂಕಿ ಟೈಪ್ ಮಾಡಿಡ್ತೀನಿ. ದುಡ್ಡು ಹಾಕಿದ ಮೇಲೆ ಅಂಚು ಮುಟ್ಟೋ ಹಾಗಿಲ್ಲ. ಆಮೇಲೆ ಒಂದು ಚಾರ್ಟಿಗೆ ಮೇಲೆರಡು ಕೆಳಗೆರಡು ಪಟ್ಟಿ ಸಾಕು, ಇಲ್ಲಾಂದ್ರೆ ಬೆಲೆ ಎಲ್ಲಿ ನಿಂತ್ರೂ ಯಾವ್ದೋ ಒಂದು ಪಟ್ಟಿ ಒಳಗೇ ಇರತ್ತೆ.

ಪಟ್ಟಿ ಸರಿ ಇದ್ದೂ ನಾನು ದುಡ್ಡು ಕಳ್ಕೊಂಡಿದ್ದು 2025ರ ಏಪ್ರಿಲಲ್ಲಿ. ಫೆಬ್ರವರಿ 28, ಮಾರ್ಚ್ 3, ಮಾರ್ಚ್ 4, ಈ ಮೂರು ದಿನ ನಿಫ್ಟಿ ಕ್ಲೋಸ್ ಆಗಿದ್ದು 22,124.70, 22,119.30, 22,082.65ಕ್ಕೆ, ಅತಿ ಕೆಳಗಿನ ಬತ್ತಿ 21,964.60. ಪಟ್ಟಿ 21,964ರಿಂದ 22,125. ಅಲ್ಲಿಂದ ಚೆನ್ನಾಗಿ ಎದ್ದಿತ್ತು, ನಾನೂ ಇಟಿಎಫ್ ತಗೊಂಡಿದ್ದೆ, ಇಂಡೆಕ್ಸ್ 21,900 ಆದ್ರೆ ಎಷ್ಟಿರಬಹುದೋ ಆ ಬೆಲೆಗೆ ಮಾರೋ ಟ್ರಿಗರ್ ಹಾಕಿಟ್ಟು ಮರೆತಿದ್ದೆ. ಏಪ್ರಿಲ್ 2ಕ್ಕೆ ಟ್ರಂಪ್ ಸುಂಕ ಘೋಷಣೆ ಆಯ್ತು, 7ನೇ ತಾರೀಕು ಸೋಮವಾರ ನಿಫ್ಟಿ ಸೀದಾ 21,758ರಲ್ಲಿ ಓಪನ್ ಆಯ್ತು, ಹಿಂದಿನ ಕ್ಲೋಸ್ 22,904! ನನ್ನ ಟ್ರಿಗರ್ ಬೆಳಗ್ಗೆ ಒಂಬತ್ತೂ ಕಾಲಿಗೇ ಹೊಡೀತು, 21,900ರ ಬೆಲೆ ಅಲ್ಲ, ಅವಾಗ ಎಷ್ಟು ಸಿಕ್ತೋ ಅಷ್ಟಕ್ಕೆ ಹೋಯ್ತು. ದಿನದ ಲೋ 21,743.65, ನಾನು ಹೆಚ್ಚುಕಮ್ಮಿ ತಳದಲ್ಲೇ ಮಾರಿದ್ದು. ಸಾಯಂಕಾಲ ಕ್ಲೋಸು ಎಷ್ಟು ಗೊತ್ತಾ, 22,161.60. ಪಟ್ಟಿಯ ಮೇಲೆ.

ತಪ್ಪು ಎಲ್ಲಾಯ್ತು ಅಂತ ನೋಡಿದ್ರೆ, ನನ್ನ ನಿಯಮ ದಿನದ ಕ್ಲೋಸಿಂಗ್ ಮೇಲೆ, ಆದ್ರೆ ಸಿಸ್ಟಮಲ್ಲಿ ಹಾಕಿದ್ದ ಆರ್ಡರ್ ಯಾವ ಗಳಿಗೇಲಾದ್ರೂ ಹೊಡೆಯೋ ಥರದ್ದು, ಎರಡಕ್ಕೂ ತಾಳಮೇಳನೇ ಇರಲಿಲ್ಲ. ಈಗ ಸ್ವಂತ ದುಡ್ಡಲ್ಲಿ ತಗೊಂಡ ಇಟಿಎಫ್‌ಗೆ ಟ್ರಿಗರ್ ಹಾಕಲ್ಲ, ಪಟ್ಟಿ ಹತ್ರ ಬೆಲೆ ಇದ್ದ ದಿನ 3:20ಕ್ಕೆ ಮೊಬೈಲ್ ತೆಗೆದು ನೋಡಿ, ಕೆಳಗೆ ಕ್ಲೋಸ್ ಆಗೋ ಲಕ್ಷಣ ಇದ್ರೆ ಆಗ ಮಾರ್ತೀನಿ. ಸ್ವಲ್ಪ ಮಾರ್ಜಿನ್ ದುಡ್ಡು ಕಟ್ಟಿ ದೊಡ್ಡ ಲಾಟ್ ಹಿಡಿಯೋ ಫ್ಯೂಚರ್ಸಲ್ಲಿ ಇದನ್ನ ಮಾಡೋಕೆ ಹೋಗ್ಬೇಡಿ, ಅಂಥ ಬೆಳಗ್ಗೆ ಒಂದೇ ಲಾಟಲ್ಲಿ ಸಾವಿರಕ್ಕೂ ಹೆಚ್ಚು ಪಾಯಿಂಟ್ ಎದುರಿಗೆ ನಿಂತಿರತ್ತೆ, 3:20ರ ತನಕ ಕಾಯೋಕೆ ಮಾರ್ಜಿನ್ ಉಳಿದಿರಲ್ಲ.